ಏಟಿಗೂ ಮೊದಲಿನ ಮುಕ್ಕಾಲು ಸೆಕೆಂಡ್

ಕೊಲ್ಹಾಪುರದ ಮರ್ದಾನಿ ಖೇಳವನ್ನು ಹತ್ತಿರದಿಂದ ನೋಡಿದವರು ಮೊದಲು ಗಮನಿಸುವುದು ಆಯುಧವನ್ನಲ್ಲ, ಹೆಗಲನ್ನು. ಲಾಠಿ ಮೇಲಿಂದ ಬೀಳುವುದಿದ್ದರೆ ಹೆಗಲು ಮೊದಲು ಏಳುತ್ತದೆ. ಅಡ್ಡ ಬೀಸುವುದಿದ್ದರೆ ಸೊಂಟ ಮೊದಲು ತಿರುಗುತ್ತದೆ. ಮೊಣಕೈವರೆಗೆ ಕಬ್ಬಿಣದ ಕವಚವಿರುವ ದಾಂಡಪಟ್ಟ ಹಿಡಿದವನು ಸುತ್ತಲು ಹೊರಟರೆ ಅವನ ಪಾದಗಳೇ ಅದನ್ನು ಮೊದಲು ಹೇಳುತ್ತವೆ. ವರ್ಷಗಟ್ಟಲೆ ತಾಲೀಮು ಮಾಡಿದವರು ಈ ಗುರುತುಗಳನ್ನು ಎದುರಾಳಿಗೆ ಕಾಣದಷ್ಟು ಚಿಕ್ಕದು ಮಾಡಲು ಕಲಿಯುತ್ತಾರೆ. ಆರಂಭಿಕರಿಗಾಗಿ ಆ್ಯಕ್ಷನ್ ಗೇಮ್ ಮಾಡುವವರ ಕೆಲಸ ಇದಕ್ಕೆ ತಿರುಗುಮುರುಗು. ಆ ಗುರುತುಗಳನ್ನು ಹಿಗ್ಗಿಸಿ, ಸ್ವಲ್ಪ ಹೊತ್ತು ನಿಲ್ಲಿಸಿ, ಎದುರಿಗಿರುವ ಹೊಸಬರಿಗೆ ಓದಲು ಬರುವಂತೆ ಮಾಡಬೇಕು.

ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ ತಂಡ 2020ರಲ್ಲಿ ಹೊರತಂದ ‘ರಾಜಿ’ ಗೇಮ್, ನಮ್ಮ ಕಥೆಗಳ ಅಸುರರನ್ನೇ ಎದುರಾಳಿಗಳನ್ನಾಗಿ ನಿಲ್ಲಿಸಿತ್ತು. ಆದ್ದರಿಂದ ಕೊಲ್ಹಾಪುರದ ಒಬ್ಬ ವಸ್ತಾದನನ್ನು ಬಾಸ್ ಮಾಡುವ ಯೋಚನೆ ವಿಚಿತ್ರವೇನಲ್ಲ. ಗಡಹಿಂಗ್ಲಜ್‌ನಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ಹುಡುಗನೋ ಹುಡುಗಿಯೋ ಫೋನಿಗಾಗಿ ಇಂಥದ್ದೊಂದು ಗೇಮ್ ಕಟ್ಟುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಅಖಾಡ, ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನ. ಎದುರಾಳಿ, ಲಾಠಿ, ಪಟ್ಟ, ವಿಟಾ ಮೂರನ್ನೂ ಬಲ್ಲ ವಸ್ತಾದ. ಆಡುವವರ ಬಳಿ ಎರಡೇ ಗುಂಡಿ, ಒಂದು ಹೊಡೆಯಲು, ಇನ್ನೊಂದು ಉರುಳಿ ತಪ್ಪಿಸಿಕೊಳ್ಳಲು. ಈ ವಸ್ತಾದನನ್ನು ಹೇಗೆ ಕಟ್ಟಬೇಕು?

ಅವನ ಅತಿ ಸರಳ ಏಟಿನಿಂದ ಶುರುಮಾಡೋಣ. ಎರಡೂ ಕೈಯಲ್ಲಿ ಲಾಠಿ ಎತ್ತಿ ನೇರ ಕೆಳಗೆ ಹೊಡೆಯುತ್ತಾನೆ. ಗೇಮಿನಲ್ಲಿ ಯಾವ ಏಟಿಗೂ ಮೂರು ಭಾಗ. ಮೊದಲನೆಯದು ಎತ್ತುವ ಹೊತ್ತು, ಇದೇ ಮುನ್ಸೂಚನೆ. ಎರಡನೆಯದು ತಾಗುವ ಹೊತ್ತು. ಮೂರನೆಯದು ಸಾವರಿಸಿಕೊಳ್ಳುವ ಹೊತ್ತು, ಆಡುವವರು ತಿರುಗಿ ಹೊಡೆಯಲು ಸಿಗುವ ಸಂದಿ. ಪರದೆ ಸೆಕೆಂಡಿಗೆ 60 ಚಿತ್ರ, ಅಂದರೆ 60 ಫ್ರೇಮ್, ತೋರಿಸುತ್ತದೆ ಎಂದುಕೊಂಡರೆ ಈ ಏಟಿಗೆ ನಾನು ಎತ್ತಲು 48 ಫ್ರೇಮ್, ತಾಗಲು 6, ಸಾವರಿಸಲು 72 ಫ್ರೇಮ್ ಕೊಡುತ್ತೇನೆ. ಎತ್ತುವುದಕ್ಕೆ 0.8 ಸೆಕೆಂಡ್ ಆಯಿತು. ಈ ಅಂಕಿ ಎಲ್ಲಿಂದ ಬಂತು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಜನ ಇದನ್ನು ಕಣ್ಣಂದಾಜಿನಲ್ಲಿ ಇಡುತ್ತಾರೆ. ಮಾಡಿದವರ ಕಣ್ಣಿಗೆ ಆ ಏಟು ನೂರಾರು ಸಲ ಕಂಡು ಅಭ್ಯಾಸವಾಗಿರುವುದರಿಂದ ಅವರ ಅಂದಾಜು ಯಾವಾಗಲೂ ತೀರ ಕಡಿಮೆಯಾಗಿರುತ್ತದೆ.

ಕಣ್ಣಿಗೆ ಕಂಡದ್ದಕ್ಕೆ ಬೆರಳು ಒತ್ತಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡ್ ಬೇಕು. ಆದರೆ ಅದು ಒಂದೇ ಸೂಚನೆಗೆ ಒಂದೇ ಉತ್ತರ ಇದ್ದಾಗಿನ ಲೆಕ್ಕ. ಬರುತ್ತಿರುವುದು ಮೇಲಿನ ಏಟೋ ಅಡ್ಡ ಬೀಸೋ ಎಂದು ಗುರುತಿಸಿ, ಎತ್ತ ಉರುಳಬೇಕೆಂದು ತೀರ್ಮಾನಿಸಬೇಕಾದರೆ 0.4 ಸೆಕೆಂಡ್ ಆದರೂ ಬೇಕು. ಬೆರಳು ತಾಗಿದ ಮೇಲೆ ಸಾಧಾರಣ ಫೋನಿನ ಪರದೆಯಲ್ಲಿ ಅದರ ಪರಿಣಾಮ ಕಾಣಲು ಇನ್ನೂ ಸುಮಾರು 0.1 ಸೆಕೆಂಡ್ ಹೋಗುತ್ತದೆ. ಹೊಸಬರು ಗುಂಡಿ ಎಲ್ಲಿದೆ ಎಂದು ಹುಡುಕುವ ಹೊತ್ತು ಬೇರೆ, ಅದಕ್ಕೆ ಇನ್ನೊಂದು 0.2 ಇಡಿ. ಎಲ್ಲ ಸೇರಿದರೆ 0.7. ಚೂರು ಉಸಿರಾಡಲು ಬಿಟ್ಟರೆ 0.8. ಇದಕ್ಕಿಂತ ಕಡಿಮೆ ಕೊಟ್ಟರೆ ಹೊಸಬರು ಸೋಲುವುದು ತಪ್ಪು ತೀರ್ಮಾನದಿಂದಲ್ಲ, ತೀರ್ಮಾನ ಮಾಡಲು ಹೊತ್ತೇ ಇಲ್ಲದ್ದರಿಂದ. ಆರಂಭಿಕರ ಗೇಮಿನಲ್ಲಿ ಆ ಸೋಲು ಅನ್ಯಾಯ ಎಂದೇ ನನ್ನ ಮಾತು.

ಆ 48 ಫ್ರೇಮುಗಳಲ್ಲಿ ಏನಾಗುತ್ತದೆ ಎಂಬುದು ಎಷ್ಟು ಫ್ರೇಮ್ ಎಂಬುದರಷ್ಟೇ ಮುಖ್ಯ. ಲಾಠಿ 48 ಫ್ರೇಮಿನುದ್ದಕ್ಕೂ ಒಂದೇ ಸಮನೆ ನಿಧಾನವಾಗಿ ಏರುತ್ತ ಹೋದರೆ ಅದು ಯಾವ ಏಟು ಎಂದು ಗೊತ್ತಾಗುವುದೇ ಕೊನೆಯಲ್ಲಿ. ಹೊತ್ತು ಕೊಟ್ಟೂ ಕೊಡದಂತೆ. ಲಾಠಿ ಮೊದಲ 12 ಫ್ರೇಮಿನಲ್ಲೇ ಸರ್ರನೆ ತಲೆಯ ಮೇಲೆ ಏರಿ ಅಲ್ಲೇ ನಿಲ್ಲಬೇಕು. ನಿಂತ ಭಂಗಿಯನ್ನು ಕಣ್ಣು ಬೇಗ ಓದುತ್ತದೆ, ಚಲಿಸುವುದನ್ನು ತಡವಾಗಿ. ನಿಂತಿರುವಾಗ ತೋಳು ಸಣ್ಣಗೆ ನಡುಗಲಿ, ಇಲ್ಲದಿದ್ದರೆ ಗೇಮ್ ಹ್ಯಾಂಗ್ ಆಗಿದೆ ಎನಿಸುತ್ತದೆ. 24ನೇ ಫ್ರೇಮಿನಲ್ಲಿ ಲಾಠಿಯ ತುದಿ ಒಮ್ಮೆ ಮಿಂಚಲಿ. ‘ಈಗ’ ಎನ್ನುವ ಸೂಚನೆ ಇದು.

ಈ ಮಿಂಚನ್ನು ಹಲವರು ಏಟಿಗೆ ತೀರ ಹತ್ತಿರ, ಹತ್ತು ಹನ್ನೆರಡು ಫ್ರೇಮ್ ಮೊದಲು ಇಡುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಉಪಯೋಗಕ್ಕೆ ಬರುವುದಿಲ್ಲ. ಮಿಂಚು ಕಂಡು ಒತ್ತಲು 15 ಫ್ರೇಮ್, ಫೋನಿನ ತಡ 6 ಫ್ರೇಮ್, ಒಟ್ಟು 21. ಏಟಿಗೆ 12 ಫ್ರೇಮ್ ಮೊದಲು ಮಿಂಚಿದರೆ, ಆಡುವವರ ಉತ್ತರ ಬಂದು ಮುಟ್ಟುವಷ್ಟರಲ್ಲಿ ಲಾಠಿ ತಲೆಯ ಮೇಲೆ ಬಿದ್ದಾಗಿರುತ್ತದೆ. 24 ಫ್ರೇಮ್ ಮೊದಲು ಮಿಂಚಿದರೆ ಮಿಂಚನ್ನೇ ನಂಬಿದವರು 45ನೇ ಫ್ರೇಮಿಗೆ ಉರುಳುತ್ತಾರೆ, 48ಕ್ಕೆ ಏಟು ಬೀಳುತ್ತದೆ. ಕೂದಲೆಳೆಯಲ್ಲಿ ಪಾರು. ಭಂಗಿಯನ್ನೇ ಓದಿದವರಿಗೆ ಇನ್ನೂ ನಿರಾಳ.

ಇದರ ಜೊತೆ ಇನ್ನೊಂದು ಸಂಗತಿ ಸೇರುತ್ತದೆ. ಹೊರಗಿನಿಂದ ನೋಡಿದರೆ ಕಾಣುವುದಿಲ್ಲ, ಆದರೆ ಅರ್ಧ ದೂರುಗಳ ಮೂಲ ಅದೇ. ಲಾಠಿ ಎತ್ತಿದ ಮೇಲೆ ವಸ್ತಾದ ಎದುರಾಳಿಯತ್ತ ತಿರುಗುತ್ತಲೇ ಇರಬೇಕೋ, ಬೇಡವೋ? ಏಟು ಬೀಳುವ ಕ್ಷಣದವರೆಗೂ ತಿರುಗುತ್ತಿದ್ದರೆ, ಸರಿಯಾದ ಹೊತ್ತಿಗೆ ಪಕ್ಕಕ್ಕೆ ಸರಿದವರ ಮೇಲೂ ಲಾಠಿ ಬೀಳುತ್ತದೆ. ಅವರು ಸೂಚನೆ ಓದಿದ್ದಾರೆ, ಸರಿಯಾದ ಉತ್ತರ ಕೊಟ್ಟಿದ್ದಾರೆ, ಆದರೂ ಸೋತಿದ್ದಾರೆ. ಹೀಗೆ ಎರಡು ಸಲ ಆದರೆ ಸೂಚನೆಯನ್ನು ನಂಬುವುದನ್ನೇ ಬಿಡುತ್ತಾರೆ. ಮೊದಲ ಹಂತದಲ್ಲಿ ಲಾಠಿ ಮೇಲೇರಿ ನಿಂತ 12ನೇ ಫ್ರೇಮಿಗೇ ತಿರುಗುವುದು ನಿಲ್ಲಬೇಕು. ಆಮೇಲೆ ಯಾವಾಗ ಪಕ್ಕಕ್ಕೆ ಸರಿದರೂ ಪಾರು, ಬೇಗ ಒತ್ತಿದವರಿಗೂ ಶಿಕ್ಷೆ ಇಲ್ಲ. ಕೊನೆಯ ಹಂತದಲ್ಲಿ ಬೇಕಾದರೆ ಮಿಂಚುವ 24ನೇ ಫ್ರೇಮಿನವರೆಗೆ ತಿರುಗಲಿ. ಎತ್ತುವ ಹೊತ್ತನ್ನು ಒಂದು ಫ್ರೇಮೂ ಕಡಿಮೆ ಮಾಡದೆ ಅದೇ ಏಟು ಕಷ್ಟವಾಯಿತು. ಮುನ್ಸೂಚನೆಯನ್ನು ಕಡಿತಗೊಳಿಸಿ ಕಷ್ಟ ಹೆಚ್ಚಿಸುವುದಕ್ಕಿಂತ ಈ ದಾರಿ ನನಗೆ ಬಹಳ ಮೇಲೆನಿಸುತ್ತದೆ.

ಈಗ ಎರಡನೇ ಏಟು, ಅಡ್ಡ ಬೀಸು. ಮೇಲಿನ ಏಟಿಗೆ ಉತ್ತರ ಪಕ್ಕಕ್ಕೆ ಸರಿಯುವುದು, ಅಡ್ಡ ಬೀಸಿಗೆ ಹಿಂದಕ್ಕೆ. ಉತ್ತರ ಬೇರೆಯಾದರೆ ಭಂಗಿಯೂ ಬೇರೆ ಕಾಣಬೇಕು. ವಸ್ತಾದನ ಎರಡೂ ಭಂಗಿಗಳಿಗೆ ಪೂರ್ತಿ ಕಪ್ಪು ತುಂಬಿ, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಒಂದು ಎತ್ತರ, ಸಪೂರ. ಇನ್ನೊಂದು ಕುಗ್ಗಿ, ಅಗಲ, ಲಾಠಿ ಬೆನ್ನ ಹಿಂದೆ ಚಾಚಿದೆ. ಆ ಅಳತೆಯಲ್ಲೂ ಬೇರೆ ಬೇರೆ ಎಂದು ತಿಳಿದರೆ ಮಾತ್ರ ಫೋನಿನಲ್ಲಿ, ಬಿಸಿಲಲ್ಲಿ, ಬಸ್ಸಿನ ಕುಲುಕಾಟದಲ್ಲಿ ತಿಳಿಯುತ್ತದೆ. ಪಟಕಾದ ಬಣ್ಣ, ಮೀಸೆಯ ಕುಂಚ ಇವೆಲ್ಲ ಆಮೇಲಿನ ಮಾತು.

ನೆಲದ ಮೇಲೆ ಗುರುತು ಹಾಕುವುದೂ ಒಳ್ಳೆಯದೇ. ಮೇಲಿನ ಏಟಿಗೆ ಉದ್ದನೆಯ ಪಟ್ಟಿ, ಅಡ್ಡ ಬೀಸಿಗೆ ಅರ್ಧ ವೃತ್ತ. ಗೇಮುಗಳಲ್ಲಿ ಇದಕ್ಕೆ ಕೆಂಪು ಬಣ್ಣ ಬಳಿಯುವುದು ರೂಢಿ. ನಮ್ಮ ಅಖಾಡದಲ್ಲಿ ಅದು ನಡೆಯದು. ಕುಸ್ತಿ ಕಣದ ಮಣ್ಣೇ ಕೆಂಪು, ಕೆಂಪು ಮಣ್ಣಿನ ಮೇಲೆ ಕೆಂಪು ಪಟ್ಟಿ ಕಾಣುವುದೇ ಇಲ್ಲ. ಕೆಂಪು ಹಸಿರು ಬೇರೆ ಮಾಡಿ ನೋಡಲಾಗದ ಕಣ್ಣುಗಳೂ ಇವೆ, ಗಂಡಸರಲ್ಲಿ ಹೆಚ್ಚು. ಸುಣ್ಣದ ಬಿಳಿ ಗೆರೆ ಹಾಕಿ. ಆಟದ ಮೈದಾನಕ್ಕೆ ಸುಣ್ಣದ ಗೆರೆ ಹೇಗೂ ನಮಗೆ ಪರಿಚಿತ.

ಶಬ್ದದ ಸೂಚನೆಯನ್ನು ಮಾತ್ರ ನೆಚ್ಚಬೇಡಿ. ಕುಸ್ತಿಯಲ್ಲಿ ಹಲಗಿಯ ಬಡಿತ ಏರಿದರೆ ಜನರ ಮೈ ಬಿಸಿಯಾಗುವುದು ನಿಜ, ಗೇಮಿನಲ್ಲೂ ಪ್ರತಿ ಏಟಿಗೂ ಒಂದೊಂದು ಹಲಗಿ ಪೆಟ್ಟು ಇಟ್ಟರೆ ಚೆಂದ. ಆದರೆ ಇಚಲಕರಂಜಿಯ ಪವರ್‌ಲೂಮ್ ನಡೆಯುವ ಮನೆಯಲ್ಲಿ ಮಗ್ಗದ ಸದ್ದಿನ ಮಧ್ಯೆ ಫೋನಿನ ಸ್ಪೀಕರ್ ಯಾರಿಗೂ ಕೇಳದು. ಬಸ್ಸಿನಲ್ಲಿ, ತರಗತಿಯಲ್ಲಿ ಶಬ್ದ ಮುಚ್ಚಿಯೇ ಆಡುತ್ತಾರೆ. ಕಿವಿಗೆ ಹೇಳುವ ಪ್ರತಿಯೊಂದನ್ನೂ ಕಣ್ಣಿಗೂ ಹೇಳಿರಬೇಕು. ಶಬ್ದ ಮುಚ್ಚಿ ಬಾಸನ್ನು ಸೋಲಿಸಲು ಆಗದಿದ್ದರೆ ಕೆಲಸ ಮುಗಿದಿಲ್ಲ.

ಹೆಸರಾಂತ ಗೇಮುಗಳು ಈ ವಿಷಯದಲ್ಲಿ ಬೇರೆ ಬೇರೆ ದಾರಿ ಹಿಡಿದಿವೆ. ನಿಂಟೆಂಡೋದ 1987ರ ‘ಪಂಚ್ ಔಟ್’ ಬಾಕ್ಸಿಂಗ್ ಗೇಮಿನಲ್ಲಿ ಬಾಲ್ಡ್ ಬುಲ್ ಎಂಬ ದೈತ್ಯ ಹಿಂದೆ ಸರಿದು, ಕುಪ್ಪಳಿಸುತ್ತ ನುಗ್ಗಿ ಬರುತ್ತಾನೆ. ಸರಿಯಾದ ಕ್ಷಣಕ್ಕೆ ಹೊಟ್ಟೆಗೆ ಗುದ್ದಿದರೆ ಅವನೇ ಬೀಳುತ್ತಾನೆ, ತಪ್ಪಿದರೆ ನೀವು. ಏಟು ಭಾರಿ, ಆದರೆ ಸೂಚನೆ ಅಷ್ಟೇ ಭಾರಿ, ಅದಕ್ಕೇ ಯಾರಿಗೂ ಅನ್ಯಾಯವೆನಿಸುವುದಿಲ್ಲ. 2019ರ ‘ಸೆಕಿರೋ’ ಅಪಾಯದ ಏಟಿಗೆ ಮೊದಲು ಕೆಂಪು ಚೀನೀ ಅಕ್ಷರವೊಂದನ್ನು ತೋರಿಸುತ್ತದೆ. ಆದರೆ ಚುಚ್ಚುವುದಕ್ಕೂ ಕಾಲಿಗೆ ಬೀಸುವುದಕ್ಕೂ ಬಾಚಿ ಹಿಡಿಯುವುದಕ್ಕೂ ಅದೇ ಅಕ್ಷರ. ಅಪಾಯ ಇದೆ ಎಂದು ಹೇಳುತ್ತದೆ, ಯಾವ ಅಪಾಯ ಎಂದು ಹೇಳುವುದಿಲ್ಲ, ಅದನ್ನು ಭಂಗಿಯಿಂದಲೇ ಓದಬೇಕು. ಪಳಗಿದವರಿಗೆ ಅದು ಸೊಗಸು, ಹೊಸಬರಿಗೆ ಬರೀ ಗಾಬರಿ. 2022ರ ‘ಎಲ್ಡನ್ ರಿಂಗ್’ನಲ್ಲಿ ಆರಂಭದ ಭಾಗದಲ್ಲೇ ಸಿಗುವ ಮಾರ್ಗಿಟ್ ಎಂಬ ಬಾಸ್ ಕೋಲೆತ್ತಿ ಬೇಕೆಂದೇ ಕಾಯುತ್ತಾನೆ, ಹೆದರಿ ಬೇಗ ಉರುಳಿದವರಿಗೆ ಆಮೇಲೆ ಹೊಡೆಯುತ್ತಾನೆ. ಅವನಿಂದ ಕಲಿತು ನಮ್ಮ ವಸ್ತಾದನಿಗೂ ಅದನ್ನು ಅಂಟಿಸುವ ಆಸೆ ಬರುವುದು ಸಹಜ. ಬೇಡ. ಸೂಚನೆಯನ್ನು ನಂಬಲು ಇನ್ನೂ ಕಲಿಯುತ್ತಿರುವವರಿಗೆ ಸುಳ್ಳು ಸೂಚನೆ ಕೊಡುವುದು ಈ ಗೇಮಿನ ಉದ್ದೇಶವನ್ನೇ ಕೆಡಿಸುತ್ತದೆ.

ಹಂತಗಳ ವಿಷಯಕ್ಕೆ ಬರೋಣ. ವಸ್ತಾದನಿಗೆ 24 ಏಟುಗಳ ಪ್ರಾಣ ಕೊಡಿ, ಹಂತಕ್ಕೆ 8ರಂತೆ. ಪ್ರತಿ ಸಂದಿಯಲ್ಲಿ ಆಡುವವರು ಎರಡು ಏಟು ಹಾಕಬಹುದಾದರೆ ಹಂತಕ್ಕೆ ನಾಲ್ಕು ಸಂದಿ ಬೇಕು. ಅವನು ನಡೆದು ಬಂದು, ಲಾಠಿ ಎತ್ತಿ, ಹೊಡೆದು, ಸಾವರಿಸಿಕೊಳ್ಳುವ ಒಂದು ಸುತ್ತಿಗೆ ಸುಮಾರು 4 ಸೆಕೆಂಡ್. ಒಂದೂ ತಪ್ಪದೆ ಆಡಿದರೆ ಒಂದು ಹಂತ 16 ಸೆಕೆಂಡಿನಲ್ಲಿ ಮುಗಿಯುತ್ತದೆ. ಹೊಸಬರು ಅರ್ಧ ಸಂದಿಗಳನ್ನು ಕೈಬಿಡುತ್ತಾರೆ, ಹಾಗಾಗಿ ಅರ್ಧ ನಿಮಿಷ. ಮೂರು ಹಂತ ಸೇರಿ ಒಂದೂವರೆ ಎರಡು ನಿಮಿಷ. ಆರಂಭಿಕರ ಗೇಮಿಗೆ ಅಷ್ಟು ಸಾಕು. ಇದಕ್ಕಿಂತ ಉದ್ದವಾದರೆ ಕೊನೆಯಲ್ಲಿ ಸೋತವರಿಗೆ ಗೊತ್ತಿರುವುದನ್ನೇ ಮತ್ತೆ ಮತ್ತೆ ಆಡುವ ಬೇಸರ.

ಮೊದಲ ಹಂತದಲ್ಲಿ ಲಾಠಿ, ಎರಡೇ ಏಟು. ಎರಡನೇ ಹಂತದಲ್ಲಿ ಪಟ್ಟ ಹಿಡಿದು ಸುತ್ತುತ್ತ ಮುನ್ನುಗ್ಗುತ್ತಾನೆ, ಜೊತೆಗೆ ಮೇಲಿನ ಏಟು ಹಾಗೇ ಉಳಿಯುತ್ತದೆ. ಮೂರನೆಯದರಲ್ಲಿ ವಿಟಾ, ಅಂದರೆ ಹಗ್ಗ ಕಟ್ಟಿದ ಈಟಿ. ಹಂತಕ್ಕೊಂದೇ ಹೊಸ ಸಂಗತಿ, ಉಳಿದದ್ದೆಲ್ಲ ಆಡುವವರಿಗೆ ಗೊತ್ತಿರುವುದು. ಹೊಸ ಏಟನ್ನು ಮೊದಲ ಸಲ ತೋರಿಸುವುದು ಯಾವಾಗಲೂ ದೂರದಿಂದ, ತಾಗಲಾರದಷ್ಟು ದೂರದಿಂದ. ಪಟ್ಟ ಹಿಡಿದ ಕೂಡಲೇ ಅಖಾಡದ ಆಚೆ ತುದಿಯಲ್ಲಿ ಅವನು ಒಮ್ಮೆ ಸುತ್ತಿ ತೋರಿಸಲಿ. ಪಾದ ಅಗಲಿಸಿ, ಪಟ್ಟವನ್ನು ಹಿಂದೆ ಚಾಚಿ 1.2 ಸೆಕೆಂಡ್ ನಿಂತು, 2 ಸೆಕೆಂಡ್ ಸುತ್ತುತ್ತ ಬಂದು, ಕೊನೆಗೆ ತಲೆ ಸುತ್ತಿದಂತೆ ಒಂದೂವರೆ ಸೆಕೆಂಡ್ ತೂರಾಡಲಿ. ಒಂದು ಅಕ್ಷರವನ್ನೂ ಬರೆಯದೆ, ಸುತ್ತುವಾಗ ದೂರವಿರಿ, ತೂರಾಡುವಾಗ ಹೊಡೆಯಿರಿ ಎಂದು ಹೇಳಿದಂತಾಯಿತು.

ವಿಟಾದ ಹಗ್ಗ ಗೇಮ್ ಮಾಡುವವರಿಗೆ ಸಿಕ್ಕ ವರ. ಈಟಿ ಎಸೆದ ಮೇಲೆ ಹಗ್ಗ ಬಿಗಿಯಾಗಿ ಎಳೆದ ಗೆರೆಯಂತೆ ನಿಂತು ಏಟಿನ ದಾರಿಯನ್ನು ಕಣ್ಣಿಗೆ ಕಟ್ಟಿ ತೋರಿಸುತ್ತದೆ, ಮತ್ತು ಅವನು ಅದನ್ನು ಹಿಂದಕ್ಕೆ ಎಳೆದುಕೊಳ್ಳುವ ಹೊತ್ತೇ ಸಂದಿ. ಮರಳಿ ಬರುವ ಈಟಿ ತಾಗುವಂತೆ ಮಾಡಬೇಡಿ. ಸಂದಿ ಎಂದು ಓದಿ ಮುನ್ನುಗ್ಗಿದವರ ಬೆನ್ನಿಗೆ ಕಾಣದ ಕಡೆಯಿಂದ ಏಟು ಬಿದ್ದರೆ, ಈವರೆಗೆ ಕಲಿಸಿದ್ದೆಲ್ಲ ಸುಳ್ಳಾಗುತ್ತದೆ.

ಹಂತ ಬದಲಾಗುವ ಕ್ಷಣದಲ್ಲಿ ತಪ್ಪುಗಳು ಅಡಗಿರುತ್ತವೆ. ಆಡುವವರು ಕೊನೆಯ ಏಟು ಹಾಕಿದಾಗ ವಸ್ತಾದ ಅರ್ಧ ಬೀಸಿನಲ್ಲಿದ್ದರೆ ಆ ಬೀಸನ್ನು ಅಲ್ಲೇ ರದ್ದು ಮಾಡಬೇಕು. ಇಲ್ಲದಿದ್ದರೆ ಅವನು ಮಂಡಿಯೂರಿ ಕುಳಿತ ದೃಶ್ಯ ನಡೆಯುತ್ತಿರುವಾಗಲೇ ಕಾಣದ ಲಾಠಿ ಬಂದು ಬಡಿಯುತ್ತದೆ. ಎಂಟನೇ ಏಟಿನ ಬೆನ್ನಿಗೇ ಒಂಬತ್ತನೆಯದೂ ಬಿದ್ದರೆ ಮುಂದಿನ ಹಂತದ ಪ್ರಾಣ ಆಗಲೇ ಕಡಿಮೆಯಾಗದಂತೆ ಲೆಕ್ಕ ಗಡಿಯಲ್ಲೇ ನಿಲ್ಲಬೇಕು. ಎರಡು ಸೆಕೆಂಡ್ ಇಬ್ಬರಿಗೂ ಏಟು ತಾಗದ ಹೊತ್ತು ಇರಲಿ, ಹಲಗಿಯ ಲಯ ಬದಲಾಗಲಿ, ಕೈಯ ಆಯುಧ ಬದಲಾಗಿದ್ದು ದೊಡ್ಡದಾಗಿ ಕಾಣಲಿ. 2017ರ ‘ಹಾಲೋ ನೈಟ್’ನಲ್ಲಿ ಫಾಲ್ಸ್ ನೈಟ್ ಎಂಬ ಬಾಸ್ ಇದನ್ನು ಬಹಳ ಚೆನ್ನಾಗಿ ಮಾಡುತ್ತಾನೆ. ಸಾಕಷ್ಟು ಏಟು ಬಿದ್ದಾಗ ಭಾರಿ ಕವಚದೊಂದಿಗೆ ಕುಸಿಯುತ್ತಾನೆ, ಒಳಗಿನ ಮೆತ್ತನೆಯ ಹುಳುವಿನ ತಲೆ ಹೊರಗೆ ಕಾಣುತ್ತದೆ. ಹೊಡೆಯಲು ಬಿಡುವು, ಉಸಿರಿಗೆ ಬಿಡುವು, ಮುಂದೆ ಇನ್ನೇನೋ ಇದೆ ಎಂಬ ಸುಳಿವು ಮೂರೂ ಒಂದೇ ದೃಶ್ಯದಲ್ಲಿ.

ಮೂರನೇ ಹಂತದಲ್ಲಿ ಸತ್ತವರನ್ನು ಮೊದಲಿನಿಂದ ಶುರುಮಾಡಿಸಬೇಕೋ? ನಾನಾದರೆ ಆ ಹಂತದ ಬಾಗಿಲಿಂದಲೇ ಶುರುಮಾಡಿಸುತ್ತೇನೆ. ಕಷ್ಟದ ಗೇಮುಗಳ ಅಭಿಮಾನಿಗಳು ಇದನ್ನು ಒಪ್ಪುವುದಿಲ್ಲ. ಆದರೆ ಹೊಸಬರು ಕಲಿಯಬೇಕಾದ್ದು ವಿಟಾ, ಅವರಿಂದ ಲಾಠಿಯ ಪರೀಕ್ಷೆ ಮತ್ತೆ ಬರೆಸುವುದರಿಂದ ವಿಟಾ ಬರುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಸೂಚನೆ ಓದಲು ಬರುತ್ತದೆಯೋ ಇಲ್ಲವೋ ಮಾಡಿದವರಿಗೆ ತಿಳಿಯುವುದಿಲ್ಲ, ಗೇಮನ್ನು ಹಿಂದೆಂದೂ ನೋಡದವರ ಕೈಗೆ ಫೋನ್ ಕೊಡಬೇಕು. ಕೊಟ್ಟು, ಹಿಂದೆ ಕುಳಿತು ಬಾಯಿ ಮುಚ್ಚಿಕೊಂಡಿರಬೇಕು. ಸೋತಾಗ ಒಂದೇ ಪ್ರಶ್ನೆ ಕೇಳಿ: ‘ಏನ್ ಬಡೀತು?’ ‘ಕೋಲು ಮ್ಯಾಲಿಂದ ಬಂತ್ರಿ, ನಾ ಆ ಕಡೆ ಹೋಗಬೇಕಿತ್ತು’ ಎಂದರೆ ಸೂಚನೆ ಸರಿಯಾಗಿದೆ, ಅವರು ಸೋತದ್ದು ಸರಿಯಾದ ಸೋಲು. ‘ಏನೋ ಬಡೀತ್ರಿ, ಗೊತ್ತಾಗಲಿಲ್ಲ’ ಎಂದರೆ ನಿಮ್ಮ ಕೆಲಸ ಬಾಕಿ ಇದೆ.

ಆ ಬಾಕಿ ಯಾವುದು ಎಂದು ಹುಡುಕಲು ಪ್ರತಿ ಸೋಲಿನ ಬೆನ್ನ ಹಿಂದಿನ ಒಂದು ಲೆಕ್ಕ ಗೇಮಿನಲ್ಲೇ ದಾಖಲಾಗಲಿ: ಏಟು ತಾಗುವ ಫ್ರೇಮಿಗೆ ಎಷ್ಟು ಮೊದಲು ಅಥವಾ ಆಮೇಲೆ ಉರುಳುವ ಗುಂಡಿ ಒತ್ತಲಾಯಿತು, ಯಾವ ದಿಕ್ಕಿಗೆ. ಹೆಚ್ಚು ಜನ ತೀರ ಬೇಗ ಒತ್ತಿದ್ದರೆ ಭಂಗಿ ಹಿಡಿದು ನಿಲ್ಲುವ ಹೊತ್ತು ಉದ್ದವಾಯಿತು, ಅಥವಾ ಮಿಂಚು ಕಣ್ಣಿಗೆ ಬೀಳುತ್ತಿಲ್ಲ. ತಡವಾಗಿ ಒತ್ತಿದ್ದರೆ ಎತ್ತುವ ಹೊತ್ತು ಸಾಲದು. ಒತ್ತಲೇ ಇಲ್ಲದಿದ್ದರೆ ಅವರು ಸೂಚನೆಯನ್ನು ನೋಡಿಯೇ ಇಲ್ಲ, ವಸ್ತಾದ ಪರದೆಯ ಆಚೆ ಇದ್ದನೋ, ಅವರದೇ ಹೆಬ್ಬೆರಳು ಅವನನ್ನು ಮುಚ್ಚಿತ್ತೋ, ಧೂಳಿನ ಚಿತ್ರ ಅವನ ಮೇಲೆ ಹಾಸಿತ್ತೋ ನೋಡಿ. ಫೋನಿನಲ್ಲಿ ಹೆಬ್ಬೆರಳೇ ಹೆಚ್ಚಿನ ಸಲ ಅಪರಾಧಿ, ಎರಡೂ ಕೆಳ ಮೂಲೆಗಳಲ್ಲಿ ಯಾವ ಏಟೂ ಶುರುವಾಗಬಾರದು.

ನಾಲ್ಕನೆಯದು ಹೆಚ್ಚು ಕುತೂಹಲದ್ದು: ಸರಿಯಾದ ಹೊತ್ತಿಗೆ, ತಪ್ಪು ದಿಕ್ಕಿಗೆ. ನಮ್ಮ ವಸ್ತಾದನಲ್ಲಿ ಇದು ಮೂರನೇ ಹಂತದಲ್ಲಿ ಬರುವುದು ಬಹುತೇಕ ಖಚಿತ. ವಿಟಾ ಎಸೆಯಲೂ ತೋಳು ಹಿಂದೆ ಹೋಗುತ್ತದೆ, ಸುತ್ತಲು ಪಟ್ಟ ಹಿಡಿದ ತೋಳೂ ಹಿಂದೆ ಹೋಗುತ್ತದೆ. ಸುತ್ತಿಗೆ ಹಿಂದಕ್ಕೆ ಓಡಬೇಕು, ವಿಟಾಕ್ಕೆ ಪಕ್ಕಕ್ಕೆ. ಕಪ್ಪು ತುಂಬಿ ಚಿಕ್ಕದು ಮಾಡಿ ನೋಡಿದರೆ ಎರಡೂ ಒಂದೇ ಆಕಾರ. ಹೊತ್ತು ಹೆಚ್ಚಿಸಿದರೆ ಈ ದೋಷ ಸರಿಹೋಗದು, ಭಂಗಿಯನ್ನೇ ಬದಲಿಸಬೇಕು. ವಿಟಾ ಹಿಡಿದ ಮುಷ್ಟಿ ಕಿವಿಯ ಮೇಲಕ್ಕೆ ಏರಲಿ, ಎಡಗೈ ಗುರಿ ತೋರಿಸುವಂತೆ ಮುಂದೆ ಚಾಚಲಿ, ಸುತ್ತುವಾಗ ಮೈ ಕುಗ್ಗಿ ಮೊಣಕಾಲು ಮಡಿಯಲಿ. ಬದಲಿಸಿದ ಮೇಲೆ ಹಳಬರ ಕೈಗೆ ಕೊಡಬೇಡಿ, ಅವರಿಗೆ ಹಳೆಯ ಭಂಗಿಯ ಅಭ್ಯಾಸವಿದೆ. ಮತ್ತೆ ಹೊಸಬರನ್ನೇ ಕರೆಯಿರಿ.

ಎಲ್ಲ ಮುಗಿಸಿ ವಸ್ತಾದನನ್ನು ಸೋಲಿಸಿದವರು ಇನ್ನೂ ಕಠಿಣ ಆಟ ಕೇಳುತ್ತಾರೆ. ಅವರಿಗೆ ಸಾವರಿಸಿಕೊಳ್ಳುವ 72 ಫ್ರೇಮನ್ನು 42ಕ್ಕೆ ಇಳಿಸಿ, ಸಂದಿಗೆ ಎರಡರ ಬದಲು ಒಂದೇ ಏಟು ಹಾಕಲು ಸಿಗಲಿ. ಒಂದು ಏಟಿನ ಬೆನ್ನಿಗೇ ಇನ್ನೊಂದು ಬರಲಿ, ಮೇಲಿನ ಏಟಿನ ಕೊನೆಯ ಭಂಗಿಯೇ ಅಡ್ಡ ಬೀಸಿನ ಮೊದಲ ಭಂಗಿಯಾಗುವಂತೆ ಹೆಣೆಯಿರಿ. ಲಾಠಿ ತಲೆಯ ಮೇಲೇರಿ ನಿಲ್ಲುವ ಹೊತ್ತನ್ನು ಮಾತ್ರ ಮುಟ್ಟಬೇಡಿ.